ಸಲಹೆಗಾರರಿಗೆ ನಾನು ಬರೆದ ಪತ್ರ: ನನ್ನ ಅನುಭವ

ನಿವೃತ್ತ ಶಿಕ್ಷಕಿಯೊಬ್ಬಳ ಪತ್ರವನ್ನು ಯಾವ ಹಣಕಾಸು ಸಲಹೆಗಾರರೂ ಪೂರ್ತಿ ಓದುವುದಿಲ್ಲ ಎಂದು ನನ್ನ ಸಹೋದ್ಯೋಗಿಗಳು ಹೇಳುತ್ತಿದ್ದರು. ನನ್ನ ಮೊದಲ ಪತ್ರದ ಮಟ್ಟಿಗೆ ಅದು ನಿಜವೇ ಆಯಿತು. ಹೂಡಿಕೆಗಳ ಪಟ್ಟಿ ಕಳುಹಿಸಿ ಪರಿಶೀಲಿಸಬೇಕೆಂದು ಕೋರಿದ್ದಕ್ಕೆ, ಎಲ್ಲವನ್ನೂ ಮಾರಿ ಅವರು ಸೂಚಿಸಿದ ಒಂದೇ ಯೋಜನೆಗೆ ಹಾಕಬೇಕೆಂಬ ಉತ್ತರ ಬಂದಿತು. ಆ ಯೋಜನೆಯಿಂದ ಅವರಿಗೆ ಸಿಗುವ ಕಮಿಷನ್ ಎಷ್ಟು ಎಂದು ಕೇಳಿದ ಮೇಲೆ ಉತ್ತರವೇ ಬರಲಿಲ್ಲ.

ಎರಡನೆಯ ಪತ್ರವನ್ನು, ಕಮಿಷನ್ ಪಡೆಯದೆ ನಿಗದಿತ ಶುಲ್ಕಕ್ಕೆ ಕೆಲಸ ಮಾಡುವ ಬೇರೊಬ್ಬರಿಗೆ ಬರೆದೆ. ಅದರಲ್ಲಿ ಹೂಡಿಕೆಗಳಿಗಿಂತ ಮೊದಲು ಖರ್ಚನ್ನು ಇಟ್ಟೆ: ಪಿಂಚಣಿಯು ತಿಂಗಳ ಖರ್ಚಿನ ಸುಮಾರು ಮುಕ್ಕಾಲು ಪಾಲನ್ನು ಭರಿಸುತ್ತದೆ, ಉಳಿದ ಕಾಲು ಪಾಲು ಉಳಿತಾಯದಿಂದ ಬರಬೇಕು, ಅದೂ ಬೆಲೆ ಏರಿದಂತೆ ಏರಬೇಕು. ಆಮೇಲೆ ಪ್ರತಿಯೊಂದು ಹೂಡಿಕೆಗೂ ಅದು ಯಾವಾಗ ಮುಗಿಯುತ್ತದೆ, ವರ್ಷಕ್ಕೆ ಏನು ಕಡಿತವಾಗುತ್ತದೆ, ಇಂದೇ ಹಿಂತೆಗೆದರೆ ಕೈಗೆ ಎಷ್ಟು ಬರುತ್ತದೆ ಎಂಬುದನ್ನು ಬರೆದೆ. ಕೊನೆಯಲ್ಲಿ ಹೀಗೆ ಕೋರಿದೆ: 'ಪ್ರತಿಯೊಂದರ ಬಗ್ಗೆಯೂ, ಇದ್ದ ಹಾಗೆಯೇ ಬಿಡುವುದನ್ನೂ ಒಂದು ಆಯ್ಕೆಯಾಗಿ ಪರಿಗಣಿಸಿ, ಬದಲಿಸುವುದಾದರೆ ಬದಲಾವಣೆಯ ವೆಚ್ಚವನ್ನೂ ಸೇರಿಸಿ ಲೆಕ್ಕ ತೋರಿಸಬೇಕಾಗಿ ವಿನಂತಿ.'

ಈ ಒಂದು ವಾಕ್ಯದ ಫಲವನ್ನು ನನ್ನ ಹಳೆಯ ವಿಮಾ ಪಾಲಿಸಿಯಲ್ಲಿ ಕಂಡೆ. ವರ್ಷದ ಕಂತನ್ನು 10 ಎಂದು ಇಟ್ಟುಕೊಂಡರೆ, ಮೂರು ಕಂತು ಬಾಕಿಯಿತ್ತು, ಇಂದು ಸರೆಂಡರ್ ಮಾಡಿದರೆ ಸುಮಾರು 60 ಬರುತ್ತಿತ್ತು, ಮೂರು ವರ್ಷ ಕಾದರೆ 115ರಷ್ಟು. ಈವರೆಗೆ ಕಟ್ಟಿದ್ದನ್ನು ಸಲಹೆಗಾರರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದು ಎರಡೂ ದಾರಿಗಳಲ್ಲಿ ಹೋದ ಹಣವೇ. ಆ 60ನ್ನೂ ಪ್ರತಿ ವರ್ಷದ ಆರಂಭದಲ್ಲಿ 10ರಂತೆ ಉಳಿಯುವ ಕಂತುಗಳನ್ನೂ ಶೇಕಡ 6ರ ಠೇವಣಿಯಲ್ಲಿಟ್ಟರೆ 105ರ ಆಸುಪಾಸಿಗೆ ನಿಲ್ಲುತ್ತದೆ. ಪಾಲಿಸಿಗೆ ಸರಿಸಮನಾಗಬೇಕಾದರೆ ಠೇವಣಿ ಶೇಕಡ ಒಂಬತ್ತೂವರೆಯಷ್ಟು ಕೊಡಬೇಕು. ಎಲ್ಲವನ್ನೂ ಮಾರಿ ಎಂದಿದ್ದ ಮೊದಲ ಸಲಹೆಯಲ್ಲಿ ಈ ಪಾಲಿಸಿಯೂ ಸೇರಿತ್ತು.

ಕುತೂಹಲಕ್ಕೆ ಅದೇ ಲೆಕ್ಕವನ್ನು ಹನ್ನೊಂದು ಕಂತು ಬಾಕಿಯಿದ್ದ ಇನ್ನೊಂದು ಪಾಲಿಸಿಗೆ ನಾನೇ ಹಾಕಿದೆ; ಅಲ್ಲಿ ಠೇವಣಿಯೇ ಗೆದ್ದಿತು. ಸಲಹೆಗಾರರ ಲೆಕ್ಕವೂ ಅದನ್ನೇ ಹೇಳಿತು. ನನ್ನ ಎಣಿಕೆ ಅವರದಕ್ಕಿಂತ ಮೊದಲೇ ಸಿದ್ಧವಿತ್ತು ಎಂಬುದು ನನಗೆ ಹೆಮ್ಮೆ. ಆ ಪಾಲಿಸಿಯನ್ನು ರದ್ದು ಮಾಡುವ ಮುನ್ನ, ನನ್ನನ್ನು ನೆಚ್ಚಿಕೊಂಡವರಿಗೆ ಆ ವಿಮಾ ರಕ್ಷಣೆ ಇನ್ನೂ ಬೇಕೇ ಎಂದು ಅವರು ಕೇಳಿದರು, ಬೇಕಿರಲಿಲ್ಲ.

ಶುಲ್ಕವಾಗಿ ನನ್ನ ಒಂದು ವಾರದ ಪಿಂಚಣಿಯಷ್ಟು ಕೊಟ್ಟೆ. ಮೂರು ಕಂತು ಬಾಕಿಯಿದ್ದ ಪಾಲಿಸಿಯೊಂದರಲ್ಲಿಯೇ ಉಳಿದದ್ದು ಅದಕ್ಕಿಂತ ಹೆಚ್ಚು. ಶುಲ್ಕವನ್ನು ಮಾತನಾಡಿ ಕಡಿಮೆ ಮಾಡಿಸಿಕೊಂಡ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮ್ಯೂಚುವಲ್ ಫಂಡುಗಳ ಪರಿಶೀಲನೆ ಇನ್ನೂ ನಡೆದಿದೆ. ಅವುಗಳ ವಾರ್ಷಿಕ ವೆಚ್ಚದ ಪ್ರಮಾಣವನ್ನು ಒಂದೊಂದಾಗಿ ತೋರಿಸುವಂತೆ ಮುಂದಿನ ಪತ್ರದಲ್ಲಿ ಕೇಳಿದ್ದೇನೆ.