ಫಾರ್ಮುಲೇಶನ್ ಬರೆಯುವಾಗ ಖಿನ್ನತೆಯನ್ನು ಮುಂದುವರಿಸುತ್ತಿರುವ ಚಕ್ರವನ್ನು ಬಿಡಿಸಿ ಬರೆಯಿರಿ

ಫಾರ್ಮುಲೇಶನ್ ಎಂದರೆ ಒಬ್ಬರ ಸಮಸ್ಯೆ ಹೇಗೆ ಹುಟ್ಟಿತು, ಏಕೆ ಮುಂದುವರಿಯುತ್ತಿದೆ ಎಂಬುದರ ವಿವರಣೆ. ಖಿನ್ನತೆಯಿಂದ ಬಳಲುವ ಯುವ ಉದ್ಯೋಗಿಯ ಕೇಸ್ ಟಿಪ್ಪಣಿಯಲ್ಲಿ ಇದನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಪ್ರಚೋದಿಸಿದ ಘಟನೆಯನ್ನೇ ವಿಸ್ತರಿಸಿ ಬರೆಯುತ್ತೇವೆ. ಆದರೆ ಚಿಕಿತ್ಸೆ ಹಿಡಿಯಬೇಕಾದ ಎಳೆ ಹೆಚ್ಚಾಗಿ ಸಿಗುವುದು ಕಾಯಿಲೆಯನ್ನು ಇಂದಿಗೂ ಮುಂದುವರಿಸುತ್ತಿರುವ ಅಂಶಗಳಲ್ಲಿ.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. 27 ವರ್ಷದ ಲೆಕ್ಕಪರಿಶೋಧಕಿಯ ತಾಯಿಗೂ ಖಿನ್ನತೆಯಿತ್ತು, ಬಾಲ್ಯದಲ್ಲಿ ಒಳ್ಳೆಯ ಅಂಕ ತಂದಾಗ ಮಾತ್ರ ಮೆಚ್ಚುಗೆ ದೊರೆಯುತ್ತಿತ್ತು. ಇವು ಪೂರ್ವಭಾವಿ ಅಂಶಗಳು, ಅಂದರೆ ಖಿನ್ನತೆಗೆ ಮೊದಲೇ ನೆಲ ಹದಮಾಡಿದವು. ಮೂರು ತಿಂಗಳ ಹಿಂದೆ ಬಡ್ತಿ ಕೈತಪ್ಪಿದ್ದು ಪ್ರಚೋದಕ. ಮುಂದುವರಿಸುವ ಅಂಶದಡಿ ‘ನಿದ್ರಾಹೀನತೆ, ಒಂಟಿತನ’ ಎಂದಷ್ಟೇ ಬರೆದರೆ ಸಾಲದು. ತಪ್ಪಾಗಬಾರದೆಂದು ಆಕೆ ರಾತ್ರಿ ಒಂದರವರೆಗೆ ಕಡತಗಳನ್ನು ಮತ್ತೆ ಮತ್ತೆ ಪರಿಶೀಲಿಸುತ್ತಾಳೆ, ನಿದ್ರೆಗೆಟ್ಟು ಮರುದಿನ ನಿಜವಾಗಿಯೂ ತಪ್ಪು ಮಾಡುತ್ತಾಳೆ, ‘ನಾನು ಅಯೋಗ್ಯಳು’ ಎಂದುಕೊಂಡು ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳನ್ನು ತಪ್ಪಿಸುತ್ತಾಳೆ, ರಾತ್ರಿ ಇನ್ನಷ್ಟು ಹೊತ್ತು ಪರಿಶೀಲಿಸುತ್ತಾಳೆ. ಹೀಗೆ ಬರೆದಾಗ ಚಕ್ರವನ್ನು ಎಲ್ಲಿ ತುಂಡರಿಸಬಹುದೆಂಬುದು ಕಾಣುತ್ತದೆ.

ರಕ್ಷಕ ಅಂಶವನ್ನೂ ‘ಕುಟುಂಬದ ಬೆಂಬಲ’ ಎಂದು ಮುಗಿಸದೆ, ಸಾವಿನ ಯೋಚನೆಯನ್ನು ಆಕೆ ಅಕ್ಕನಿಗೆ ಹೇಳಿಕೊಂಡಿದ್ದಾಳೆ ಎಂದು ನಿರ್ದಿಷ್ಟವಾಗಿ ದಾಖಲಿಸಿ. ಅಷ್ಟರಿಂದ ಅಪಾಯ ತಗ್ಗಿತೆಂದು ಭಾವಿಸದೆ ಆತ್ಮಹತ್ಯೆಯ ಅಪಾಯವನ್ನು ಪ್ರತ್ಯೇಕವಾಗಿ ಅಂದಾಜು ಮಾಡಿ.

ಫಾರ್ಮುಲೇಶನ್ ಒಂದು ಊಹೆಯಷ್ಟೇ ಆದ್ದರಿಂದ ಅದನ್ನು ಆಕೆಗೆ ಓದಿ ಹೇಳಿ. ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳನ್ನು ತಪ್ಪಿಸುವುದು ತಾನು ಅಯೋಗ್ಯಳೆಂಬ ಯೋಚನೆಯಿಂದಲ್ಲ, ಬಡ್ತಿಯ ಬಗ್ಗೆ ಯಾರಾದರೂ ಕೇಳಿಯಾರೆಂಬ ಭಯದಿಂದ ಎಂದು ಆಕೆ ತಿದ್ದಿದರೆ, ಚಿಕಿತ್ಸೆಯ ಮೊದಲ ಗುರಿಯೇ ಬದಲಾಗುತ್ತದೆ.