ಬೇರ್ಪಡಿಸುವುದೇ ಬೇರೆ, ಒಡೆಯುವುದೇ ಬೇರೆ: 100 ಕಿಲೋ ಕಚ್ಚಾ ತೈಲದ ಲೆಕ್ಕ

ಕೈಗಾರಿಕಾ ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: ಆಂಶಿಕ ಬಟ್ಟಿ ಇಳಿಸುವಿಕೆಗೂ ಕ್ಯಾಟಲಿಟಿಕ್ ಕ್ರ್ಯಾಕಿಂಗ್‌ಗೂ ಏನು ವ್ಯತ್ಯಾಸ? ‘ಮೊದಲನೆಯದು ಭೌತಿಕ ಬದಲಾವಣೆ, ಎರಡನೆಯದು ರಾಸಾಯನಿಕ ಬದಲಾವಣೆ’ ಎಂದು ಬರೆದರೆ ಅಂಕವೇನೋ ಸಿಗುತ್ತದೆ. ಆದರೆ ರಿಫೈನರಿಯಲ್ಲಿ ಎರಡಕ್ಕೂ ಎತ್ತರದ ಗೋಪುರ ಇದೆ, ಎರಡಕ್ಕೂ ಬಿಸಿ ಬೇಕು, ಎರಡರಿಂದಲೂ ಪೆಟ್ರೋಲಿನ ಭಾಗ ಬರುತ್ತದೆ. ಹಾಗಾಗಿ ಒಳಗೆ ಏನು ನಡೆಯುತ್ತದೆ ಎಂದು ತಿಳಿಯಲು ಹೈಡ್ರೋಜನ್ ಎಲ್ಲಿಗೆ ಹೋಯಿತು ಎಂದು ನೋಡುತ್ತಾ ಹೋಗುವುದೇ ಒಳ್ಳೆಯ ದಾರಿ. 100 ಕಿಲೋ ಕಚ್ಚಾ ತೈಲ ಇಟ್ಟುಕೊಂಡು ಲೆಕ್ಕ ಹಾಕೋಣ. ಅಂಕಿಗಳನ್ನು ಲೆಕ್ಕಕ್ಕೆಂದು ಇಟ್ಟುಕೊಂಡಿದ್ದೇನೆ. ತೈಲ ಬದಲಾದರೆ ಅವೂ ಬದಲಾಗುತ್ತವೆ.

ಮೊದಲ ಹಂತ: ಕುದಿಸಿ ಬೇರ್ಪಡಿಸುವುದು

ಕಚ್ಚಾ ತೈಲದಲ್ಲಿ ಉಪ್ಪುನೀರು ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಮುಂದೆ ಆಮ್ಲ ಹುಟ್ಟಿ ಕೊಳವೆಗಳನ್ನು ತಿನ್ನುತ್ತದೆ. ಅದಕ್ಕೇ ಮೊದಲು ಡೀಸಾಲ್ಟರ್‌ನಲ್ಲಿ ತೈಲವನ್ನು ನೀರಿನಿಂದ ತೊಳೆದು, ವಿದ್ಯುತ್ ಕ್ಷೇತ್ರ ಹಾಯಿಸಿ ನೀರಿನ ಹನಿಗಳನ್ನು ಒಟ್ಟುಗೂಡಿಸಿ ತೆಗೆಯುತ್ತಾರೆ. ಆಮೇಲೆ ಕುಲುಮೆಯಲ್ಲಿ ಸುಮಾರು 350ರಿಂದ 370 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಗೋಪುರದ ಕೆಳಭಾಗಕ್ಕೆ ಬಿಡುತ್ತಾರೆ. ಹೆಚ್ಚಿನ ಪಾಲು ಆವಿಯಾಗಿ ಮೇಲೇರುತ್ತದೆ, ಉಳಿದದ್ದು ದ್ರವವಾಗಿ ತಳಕ್ಕೆ ಇಳಿಯುತ್ತದೆ.

ಗೋಪುರದೊಳಗೆ ಒಂದರ ಮೇಲೊಂದು ತಟ್ಟೆಗಳಿವೆ. ಕೆಳಗೆ ಬಿಸಿ ಜಾಸ್ತಿ, ಮೇಲೆ ಕಡಿಮೆ. ಮೇಲೇರುವ ಆವಿ ಪ್ರತಿ ತಟ್ಟೆಯಲ್ಲೂ ಕೆಳಗಿಳಿಯುವ ದ್ರವದ ಮೂಲಕ ಹಾಯುತ್ತದೆ. ಆಗ ಭಾರದ ಅಣುಗಳು ದ್ರವಕ್ಕೆ ಸೇರುತ್ತವೆ, ಹಗುರ ಅಣುಗಳು ಆವಿಯೊಂದಿಗೆ ಮೇಲೆ ಹೋಗುತ್ತವೆ. ಹೀಗೆ ತಟ್ಟೆ ತಟ್ಟೆಗೂ ಬೇರ್ಪಡುವಿಕೆ ನಡೆಯುತ್ತದೆ. ಮೇಲಿಂದ ಬಂದ ಆವಿಯನ್ನು ತಣಿಸಿ ಒಂದಿಷ್ಟು ದ್ರವವನ್ನು ಮತ್ತೆ ಗೋಪುರಕ್ಕೇ ಸುರಿಯುತ್ತಾರಲ್ಲ, ಅದು ರಿಫ್ಲಕ್ಸ್. ಅದಿಲ್ಲದಿದ್ದರೆ ಮೇಲಿನ ತಟ್ಟೆಗಳಲ್ಲಿ ದ್ರವವೇ ಇರುವುದಿಲ್ಲ, ಬೇರ್ಪಡುವಿಕೆಯೂ ಇರುವುದಿಲ್ಲ.

ನಮ್ಮ 100 ಕಿಲೋದಲ್ಲಿ 2 ಕಿಲೋ ಎಲ್‌ಪಿಜಿ, 18 ಕಿಲೋ ನಾಫ್ತಾ ಎಂಬ ಪೆಟ್ರೋಲಿನ ಭಾಗ, 12 ಕಿಲೋ ಸೀಮೆಎಣ್ಣೆ, 26 ಕಿಲೋ ಡೀಸೆಲ್ ಬಂತು ಎನ್ನಿ. ತಳದಲ್ಲಿ 42 ಕಿಲೋ ಕಪ್ಪು ದ್ರವ ಉಳಿಯಿತು. ಈಗ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿದರೆ ಏನಾಗುತ್ತದೆ? ತೊಳೆದ ಕಚ್ಚಾ ತೈಲವೇ ವಾಪಸ್ ಸಿಗುತ್ತದೆ. ಯಾವ ಅಣುವೂ ಮುರಿದಿಲ್ಲ, ಯಾವ ಹೈಡ್ರೋಜನ್ನೂ ಜಾಗ ಬದಲಿಸಿಲ್ಲ. ಬಟ್ಟಿ ಇಳಿಸುವಿಕೆಯ ಗುರುತು ಇದೇ. ಅದರ ಮಿತಿಯೂ ಇದೇ: ತೈಲದಲ್ಲಿ 18 ಕಿಲೋ ನಾಫ್ತಾ ಇದ್ದರೆ ಎಂಥ ಗೋಪುರ ಕಟ್ಟಿದರೂ 19 ಕಿಲೋ ಬರುವುದಿಲ್ಲ.

ಹಾಗಾದರೆ ತಳದಲ್ಲಿ ಉಳಿದ 42 ಕಿಲೋವನ್ನು ಇನ್ನೂ ಕಾಯಿಸಬಾರದೇ? ಸುಮಾರು 370 ಡಿಗ್ರಿ ದಾಟಿದರೆ ದೊಡ್ಡ ಅಣುಗಳು ತಾವಾಗಿಯೇ ಒಡೆಯತೊಡಗುತ್ತವೆ. ಕುಲುಮೆಯ ಕೊಳವೆಗಳ ಒಳಗೋಡೆಗೆ ಇದ್ದಿಲಿನಂಥ ಕೋಕ್ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಕಾವು ಏರಿಸುವ ಬದಲು ಒತ್ತಡ ಇಳಿಸುತ್ತಾರೆ. ನಿರ್ವಾತ ಗೋಪುರದಲ್ಲಿ ಒತ್ತಡ ಪಾದರಸದ ಕೆಲವು ಹತ್ತು ಮಿಲಿಮೀಟರ್‌ಗೆ ಇಳಿದಿರುತ್ತದೆ. ಆಗ ಸಾಮಾನ್ಯ ಒತ್ತಡದಲ್ಲಿ 500 ಡಿಗ್ರಿಯಲ್ಲಿ ಕುದಿಯಬೇಕಾದ ಅಣುವೂ ಒಡೆಯದೆ ಆವಿಯಾಗುತ್ತದೆ. ಇಲ್ಲಿ 24 ಕಿಲೋ ವ್ಯಾಕ್ಯೂಮ್ ಗ್ಯಾಸ್ ಆಯಿಲ್ ಸಿಕ್ಕಿತು, 18 ಕಿಲೋ ಗಟ್ಟಿ ಶೇಷ ಉಳಿಯಿತು ಎಂದಿಟ್ಟುಕೊಳ್ಳಿ. ಡಾಂಬರು ಆಗುವುದು ಈ ಶೇಷದಿಂದಲೇ. ಒತ್ತಡ ಇಳಿಸಿದರೂ ಇದು ಬಟ್ಟಿ ಇಳಿಸುವಿಕೆಯೇ ಹೊರತು ಬೇರೇನಲ್ಲ.

ಕುಲುಮೆಯ ಕಾವು ಕೈಮೀರಿತು ಎನ್ನುವುದು ಹೇಗೆ ಗೊತ್ತಾಗುತ್ತದೆ? ಒಡೆದ ಅಣುಗಳಿಂದ ಹುಟ್ಟಿದ ಸಣ್ಣ ಅನಿಲಗಳು ತಣಿಸಿದರೂ ದ್ರವವಾಗುವುದಿಲ್ಲ. ಗೋಪುರದ ಮೇಲ್ಭಾಗದಲ್ಲಿ ಅನಿಲ ಜಾಸ್ತಿಯಾಗಿ ನಿರ್ವಾತ ಕುಸಿಯತೊಡಗುತ್ತದೆ. ಕುಲುಮೆಯ ಕೊಳವೆಯ ಹೊರಮೈ ಕಾವು ದಿನೇದಿನೇ ಏರುತ್ತದೆ, ಯಾಕೆಂದರೆ ಒಳಗಿನ ಕೋಕ್ ಪದರ ಶಾಖವನ್ನು ತಡೆಯುತ್ತದೆ. ಬೇರ್ಪಡಿಸುವ ಜಾಗದಲ್ಲಿ ಬೇಡದ ಕ್ರ್ಯಾಕಿಂಗ್ ನಡೆಯುತ್ತಿದೆ ಎಂದು ಇವೆರಡು ಹೇಳುತ್ತವೆ.

ಎರಡನೇ ಹಂತ: ಬೇಕೆಂದೇ ಒಡೆಯುವುದು

ಈ 24 ಕಿಲೋ ಗ್ಯಾಸ್ ಆಯಿಲ್ ಪೆಟ್ರೋಲಿಗೆ ಭಾರ ಜಾಸ್ತಿ. ಅದರಲ್ಲಿರುವ ಒಂದು ಅಣುವನ್ನು ಎತ್ತಿಕೊಳ್ಳೋಣ: 24 ಕಾರ್ಬನ್ ಇರುವ C24H50. ಕುದಿಯುವುದು 391 ಡಿಗ್ರಿಯಲ್ಲಿ. ಪೆಟ್ರೋಲಿಗೆ ಬೇಕಾದದ್ದು 8 ಕಾರ್ಬನ್‌ನ ಆಸುಪಾಸಿನ ಅಣು. ನೇರ ಸರಪಳಿಯ ಆಕ್ಟೇನ್ ಕುದಿಯುವುದು 126 ಡಿಗ್ರಿಯಲ್ಲಿ. ಒಂದನ್ನು ಮೂರು ತುಂಡು ಮಾಡಿದರೆ ಆಯಿತಲ್ವಾ? ಕಾರ್ಬನ್ ಸರಿಹೋಗುತ್ತದೆ. ಹೈಡ್ರೋಜನ್ ಸಾಲುವುದಿಲ್ಲ. ಮೂರು ಆಕ್ಟೇನ್‌ಗೆ, ಅಂದರೆ ಮೂರು C8H18ಗೆ, 54 ಹೈಡ್ರೋಜನ್ ಬೇಕು. ನಮ್ಮ ಬಳಿ ಇರುವುದು 50. ಹಾಗಾಗಿ ಆಗುವುದು ಇದು:

C24H50 → C8H18 + 2 C8H16

ಒಂದು ತುಂಡು ಆಲ್ಕೇನ್, ಉಳಿದೆರಡು ದ್ವಿಬಂಧ ಇರುವ ಆಲ್ಕೀನ್. ತೂಕ ನೋಡಿದರೆ 338 = 114 + 224, ಸರಿಹೋಗುತ್ತದೆ. ನಿಜವಾದ ಘಟಕದಲ್ಲಿ ಇಷ್ಟು ಅಚ್ಚುಕಟ್ಟಾಗಿ ಮೂರು ಸಮ ತುಂಡು ಆಗುವುದಿಲ್ಲ, ನೂರಾರು ಬಗೆಯ ತುಂಡುಗಳು ಬರುತ್ತವೆ. ಆದರೆ ಹೈಡ್ರೋಜನ್ ಕೊರತೆ ಎಲ್ಲಕ್ಕೂ ಒಂದೇ. ಕೆಲವು ಅಣುಗಳು ಇತರ ಅಣುಗಳಿಂದ ಹೈಡ್ರೋಜನ್ ಪಡೆದುಕೊಳ್ಳುತ್ತವೆ. ಕಳೆದುಕೊಂಡವು ಆರೊಮ್ಯಾಟಿಕ್ ಆಗುತ್ತಾ, ಒಂದಕ್ಕೊಂದು ಬೆಸೆಯುತ್ತಾ, ಕೊನೆಗೆ ಕೋಕ್ ಆಗುತ್ತವೆ. ಅಂದರೆ ಕೋಕ್ ಎನ್ನುವುದು ಈ ಕ್ರಿಯೆಯಲ್ಲಿ ಆಕಸ್ಮಿಕವಲ್ಲ, ಹೈಡ್ರೋಜನ್ ಹಂಚಿಕೆಯಲ್ಲೇ ಅದು ಅಡಗಿದೆ.

ಇಲ್ಲಿ ಕ್ರಿಯಾವರ್ಧಕದ ಕೆಲಸವೇನು? ಬರೀ ಬಿಸಿಯಿಂದಲೂ ಅಣು ಒಡೆಯುತ್ತದೆ ಎಂದು ಆಗಲೇ ನೋಡಿದೆವು. ಬಿಸಿಯಿಂದ ಒಡೆದಾಗ ಫ್ರೀ ರ‍್ಯಾಡಿಕಲ್‌ಗಳ ಮೂಲಕ ಎಥಿಲೀನ್, ಮೀಥೇನ್‌ನಂಥ ತೀರಾ ಸಣ್ಣ ತುಂಡುಗಳು ಹೆಚ್ಚು ಬರುತ್ತವೆ. ಜಿಯೋಲೈಟ್ ಎಂಬ ಆಮ್ಲೀಯ ಕ್ರಿಯಾವರ್ಧಕದ ಮೇಲೆ ಕಾರ್ಬೋಕ್ಯಾಟಯಾನ್‌ಗಳು ಹುಟ್ಟುತ್ತವೆ. ಅವು ಒಡೆಯುವ ಮುನ್ನ ಕವಲೊಡೆದ ರೂಪಕ್ಕೆ ತಿರುಗುತ್ತವೆ. ಕವಲುಗಳಿರುವ ಅಣುಗಳು, ಆಲ್ಕೀನ್‌ಗಳು, ಆರೊಮ್ಯಾಟಿಕ್‌ಗಳು ಸೇರಿ ಪೆಟ್ರೋಲಿನ ಆಕ್ಟೇನ್ ಸಂಖ್ಯೆಯನ್ನು, ಅಂದರೆ ಎಂಜಿನ್‌ನಲ್ಲಿ ಬಡಿತ ತಡೆಯುವ ಗುಣದ ಅಳತೆಯನ್ನು, ಏರಿಸುತ್ತವೆ. ಗೋಪುರದಿಂದ ನೇರ ಬಂದ ನಾಫ್ತಾದ ಆಕ್ಟೇನ್ ಸಂಖ್ಯೆ ಸಾಮಾನ್ಯವಾಗಿ 60ರ ಆಸುಪಾಸು. ಕ್ರ್ಯಾಕಿಂಗ್‌ನಿಂದ ಬಂದದ್ದು 90 ದಾಟುವುದು ಸಾಮಾನ್ಯ.

ಈಗ ಘಟಕದೊಳಗೆ ಬರೋಣ. ಇದರ ಹೆಸರು ಫ್ಲೂಯಿಡ್ ಕ್ಯಾಟಲಿಟಿಕ್ ಕ್ರ್ಯಾಕರ್, ಚಿಕ್ಕದಾಗಿ ಎಫ್‌ಸಿಸಿ. ಮೊದಲ ವಾಣಿಜ್ಯ ಎಫ್‌ಸಿಸಿ 1942ರಲ್ಲಿ ಅಮೆರಿಕದ ಲೂಯಿಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಶುರುವಾಯಿತು. ನುಣ್ಣನೆಯ ಪುಡಿಯಾದ ಕ್ರಿಯಾವರ್ಧಕ ಸುಮಾರು 700 ಡಿಗ್ರಿ ಕಾವಿನಲ್ಲಿ ರೈಸರ್ ಎಂಬ ನೆಟ್ಟನೆಯ ಕೊಳವೆಯ ಬುಡಕ್ಕೆ ಬರುತ್ತದೆ. ಅಲ್ಲಿ ಎಣ್ಣೆಯನ್ನು ತುಂತುರಾಗಿ ಸಿಡಿಸುತ್ತಾರೆ. ಒಂದು ಕಿಲೋ ಎಣ್ಣೆಗೆ ಆರೇಳು ಕಿಲೋ ಪುಡಿ ಬೇಕಾಗುತ್ತದೆ. ಎಣ್ಣೆ ತಟ್ಟನೆ ಆವಿಯಾಗಿ ಹಿಗ್ಗಿ ಪುಡಿಯನ್ನೂ ಎತ್ತಿಕೊಂಡು ಮೇಲೆ ನುಗ್ಗುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಒಡೆಯುವುದು ಮುಗಿಯುತ್ತದೆ. ರೈಸರ್‌ನ ತುದಿಯಲ್ಲಿ ಕಾವು 520 ಡಿಗ್ರಿಯ ಆಸುಪಾಸು. ಇನ್ನೂ ಹೊತ್ತು ಬಿಟ್ಟರೆ ಆಗಷ್ಟೇ ಹುಟ್ಟಿದ ಪೆಟ್ರೋಲ್ ಕೂಡ ಒಡೆದು ಅನಿಲವಾಗುತ್ತದೆ. ಅದಕ್ಕೇ ತುದಿಯಲ್ಲಿ ಸೈಕ್ಲೋನ್ ಎಂಬ, ಗಿರಗಿರನೆ ಸುತ್ತಿಸುವ ಪಾತ್ರೆಗಳು ಆವಿಯನ್ನೂ ಪುಡಿಯನ್ನೂ ಬೇಗ ಬೇರ್ಪಡಿಸುತ್ತವೆ.

ಪುಡಿಯ ಮೇಲೆ ಈಗ ಕೋಕ್ ಮೆತ್ತಿದೆ, ಕೆಲಸ ಮಾಡುವ ಶಕ್ತಿ ಹೋಗಿದೆ. ಅದನ್ನು ರೀಜನರೇಟರ್‌ಗೆ ಕಳಿಸಿ ಗಾಳಿ ಊದಿ ಕೋಕನ್ನು ಸುಡುತ್ತಾರೆ. ಆ ಬೆಂಕಿಯಿಂದ ಪುಡಿ ಮತ್ತೆ 700 ಡಿಗ್ರಿಗೆ ಏರಿ ರೈಸರ್‌ಗೆ ವಾಪಸ್ಸಾಗುತ್ತದೆ. ಒಡೆಯುವ ಕ್ರಿಯೆಗೆ ಬೇಕಾದ ಶಾಖ ಬಹುಪಾಲು ಬರುವುದು ಈ ಕೋಕ್‌ನಿಂದಲೇ. ನನಗೆ ಇಡೀ ರಿಫೈನರಿಯಲ್ಲಿ ಅತಿ ಹೆಚ್ಚು ಇಷ್ಟವಾಗುವುದು ಈ ಜೋಡಣೆ. ಸುಟ್ಟು ಚೆನ್ನಾಗಿ ಶುದ್ಧವಾದ ಪುಡಿಯ ಮಾದರಿ ತಿಳಿ ಬಣ್ಣದ್ದಾಗಿರುತ್ತದೆ. ಕಡು ಬೂದು ಬಣ್ಣ ಕಂಡರೆ ಕೋಕ್ ಪೂರ್ತಿ ಸುಟ್ಟಿಲ್ಲ ಎಂದರ್ಥ.

ನಮ್ಮ 24 ಕಿಲೋದಲ್ಲಿ ಎಲ್‌ಪಿಜಿಗಿಂತ ಹಗುರವಾದ ಒಣ ಅನಿಲ ಸುಮಾರು 1 ಕಿಲೋ, 4.3 ಕಿಲೋ ಎಲ್‌ಪಿಜಿ, 11.5 ಕಿಲೋ ಪೆಟ್ರೋಲಿನ ಭಾಗ, 6 ಕಿಲೋ ಡೀಸೆಲ್‌ನಂಥ ಮತ್ತು ಭಾರದ ಎಣ್ಣೆ, 1.2 ಕಿಲೋ ಕೋಕ್ ಆಯಿತು ಎನ್ನಿ. 18 ಕಿಲೋ ಇದ್ದ ನಾಫ್ತಾದ ಪಾಲು ಈಗ 29.5 ಕಿಲೋಗೆ ಏರಿತು. ಇವನ್ನೆಲ್ಲ ವಾಪಸ್ ಕಲಸಿದರೆ ಗ್ಯಾಸ್ ಆಯಿಲ್ ಸಿಗುವುದಿಲ್ಲ. ಒಡೆದ ಬಂಧ ಕೂಡಿಕೊಳ್ಳುವುದಿಲ್ಲ, ಕೋಕ್ ಸುಟ್ಟೇ ಹೋಗಿದೆ.

ಒಂದು ಗೊಂದಲ ಇಲ್ಲಿ ಬರುತ್ತದೆ. ರೈಸರ್‌ನಿಂದ ಬಂದ ಆವಿ ಎಲ್ಲದರ ಮಿಶ್ರಣ. ಅದನ್ನು ಬೇರ್ಪಡಿಸಲು ಎಫ್‌ಸಿಸಿಯ ಪಕ್ಕದಲ್ಲೇ ಮತ್ತೊಂದು ಬಟ್ಟಿ ಗೋಪುರ ಇದೆ. ಕ್ರ್ಯಾಕಿಂಗ್ ನಡೆಯುವುದು ರೈಸರ್‌ನಲ್ಲಿ, ಈ ಗೋಪುರದಲ್ಲಿ ಅಲ್ಲ. ಚಿತ್ರ ಬರೆಯುವಾಗ ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ಮೊದಲ ಹಂತದ ತಪ್ಪು ಎರಡನೆಯದರಲ್ಲಿ ಕಾಣುವುದು

ನಿರ್ವಾತ ಗೋಪುರದಲ್ಲಿ ಆವಿಯ ವೇಗ ಮಿತಿ ಮೀರಿದರೆ ಶೇಷದ ಕಪ್ಪು ಹನಿಗಳು ಅದರೊಂದಿಗೆ ಹಾರಿ ಗ್ಯಾಸ್ ಆಯಿಲ್‌ಗೆ ಸೇರುತ್ತವೆ. ಎಣ್ಣೆಯ ಬಣ್ಣ ಕಪ್ಪಾಗುತ್ತದೆ. ಆ ಹನಿಗಳಲ್ಲಿ ನಿಕ್ಕಲ್, ವೆನೇಡಿಯಂ ಇರುತ್ತವೆ. ಎಫ್‌ಸಿಸಿಗೆ ಹೋದ ಮೇಲೆ ನಿಕ್ಕಲ್ ಪುಡಿಯ ಮೇಲೆ ಕೂತು ಅಣುಗಳಿಂದ ಹೈಡ್ರೋಜನ್ ಕಿತ್ತುಹಾಕುತ್ತದೆ. ಒಣ ಅನಿಲದಲ್ಲಿ ಹೈಡ್ರೋಜನ್ ಪ್ರಮಾಣ ಏರುತ್ತದೆ, ಜೊತೆಗೆ ಕೋಕ್ ಕೂಡ. ವೆನೇಡಿಯಂ ಜಿಯೋಲೈಟ್‌ನ ರಚನೆಯನ್ನೇ ಕೆಡಿಸುತ್ತದೆ. ಕೋಕನ್ನು ಸುಟ್ಟು ತೆಗೆಯಬಹುದು, ಲೋಹವನ್ನು ಆಗುವುದಿಲ್ಲ. ಹಳೆ ಪುಡಿ ತೆಗೆದು ಹೊಸದನ್ನು ಸೇರಿಸುತ್ತಾ ಇರಬೇಕು. ಹಾಗಾಗಿ ಅನಿಲದಲ್ಲಿ ಹೈಡ್ರೋಜನ್ ಏರಿದಾಗ ನಿರ್ವಾತ ಗೋಪುರದ ಮಾದರಿಯನ್ನೂ ತರಿಸಿ ನೋಡಬೇಕು.

ಲ್ಯಾಬ್‌ನಲ್ಲಿ ಗುರುತಿಸುವುದು

ಎರಡು ಬಾಟಲಿ ನಾಫ್ತಾ ಇವೆ, ಯಾವುದು ನೇರ ಬಟ್ಟಿಯದು, ಯಾವುದು ಕ್ರ್ಯಾಕಿಂಗ್‌ನದು? ಫ್ಯೂಮ್ ಹುಡ್‌ನೊಳಗೆ ಸ್ವಲ್ಪ ಬ್ರೋಮಿನ್ ನೀರು ಹಾಕಿ ಅಲುಗಾಡಿಸಿ. ಆಲ್ಕೀನ್ ತುಂಬಿದ್ದರೆ ಬ್ರೋಮಿನ್ ಬಣ್ಣ ಬೇಗ ಮಾಯವಾಗುತ್ತದೆ. ನೇರ ಬಟ್ಟಿಯದರಲ್ಲಿ ಬಣ್ಣ ಉಳಿಯುತ್ತದೆ. ಬಿಸಿಲಿನಲ್ಲಿ ಮಾತ್ರ ಮಾಡಬೇಡಿ. ಬೆಳಕಿಗೆ ಆಲ್ಕೇನ್‌ಗಳೂ ನಿಧಾನವಾಗಿ ಬ್ರೋಮಿನ್‌ನೊಂದಿಗೆ ಕ್ರಿಯೆ ನಡೆಸುತ್ತವೆ, ಆಗ ಉತ್ತರ ತಪ್ಪುತ್ತದೆ.

ಈ ಪರೀಕ್ಷೆಗೂ ಒಂದು ಮಿತಿ ಇದೆ. ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿ ಎಫ್‌ಸಿಸಿ ಇದೆ, ಹೈಡ್ರೋಕ್ರ್ಯಾಕರ್‌ಗಳೂ ಇವೆ. ಅಲ್ಲಿನ ಎಫ್‌ಸಿಸಿ ಪೆಟ್ರೋಕೆಮಿಕಲ್ ಬಗೆಯದು. ಅದರಿಂದ ಬರುವ ಪ್ರೊಪಿಲೀನ್ ಪಾಲಿಪ್ರೊಪಿಲೀನ್ ತಯಾರಿಕೆಗೆ ಹೋಗುತ್ತದೆ. ಹೈಡ್ರೋಕ್ರ್ಯಾಕರ್ ಕೂಡ ಕ್ರಿಯಾವರ್ಧಕ ಬಳಸಿ ಅಣು ಒಡೆಯುತ್ತದೆ. ಆದರೆ ಅಲ್ಲಿ ಹೆಚ್ಚಿನ ಒತ್ತಡದಲ್ಲಿ ಹೊರಗಿನಿಂದ ಹೈಡ್ರೋಜನ್ ಕೊಡುತ್ತಾರೆ:

C24H50 + 2 H2 → 3 C8H18

ಕೊರತೆಯಿದ್ದ ನಾಲ್ಕು ಹೈಡ್ರೋಜನ್ ಬಂದು ಸೇರಿದವು. ಆಲ್ಕೀನ್ ಉಳಿಯಲಿಲ್ಲ, ಕೋಕ್ ತೀರಾ ಕಡಿಮೆಯಾಯಿತು. ಈ ನಾಫ್ತಾಕ್ಕೆ ಬ್ರೋಮಿನ್ ಹಾಕಿದರೆ ಬಣ್ಣ ಹೋಗುವುದಿಲ್ಲ, ನೇರ ಬಟ್ಟಿಯದರಂತೆಯೇ ಕಾಣುತ್ತದೆ. ಇಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಹಚ್ಚಿ ಕವಲೊಡೆದ ಆಲ್ಕೇನ್‌ಗಳನ್ನೂ ನೇರ ಸರಪಳಿಯವನ್ನೂ ಹೋಲಿಸಬೇಕು. ಕವಲಿನವು ತುಂಬಾ ಜಾಸ್ತಿ ಇದ್ದರೆ ಆ ನಾಫ್ತಾ ಬಂದದ್ದು ಹೈಡ್ರೋಕ್ರ್ಯಾಕರ್‌ನಿಂದ.