ಮಧುಮೇಹದ ಮಾತ್ರೆಗಳ ಪ್ರಶ್ನೆಯಲ್ಲಿ ನಾನು ಆಯ್ಕೆಗಳನ್ನು ಬಿಡಿಸುವ ಬಗೆ

ಔಷಧಶಾಸ್ತ್ರದ ಬಹು ಆಯ್ಕೆಯ ಪ್ರಶ್ನೆಗಳಿಗೆ ಓದುತ್ತಿದ್ದ ದಿನಗಳಲ್ಲೇ ನಾನು ಮಧುಮೇಹದ ಮಾತ್ರೆಗಳ ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡುವುದನ್ನು ಬಿಟ್ಟು, ಪ್ರತಿಯೊಂದು ಆಯ್ಕೆಯ ಮುಂದೆಯೂ ಒಂದೇ ಪ್ರಶ್ನೆಯನ್ನು ಇಡುವ ರೂಢಿ ಮಾಡಿಕೊಂಡೆ: ರಕ್ತದಲ್ಲಿ ಸಕ್ಕರೆ ಆಗಲೇ ಇಳಿದಿರುವಾಗಲೂ ಈ ಔಷಧ ಇನ್ಸುಲಿನ್ ಬಿಡುಗಡೆ ಮಾಡಿಸುತ್ತದೆಯೇ? ಈಗ ಪಾಠ ಮಾಡುವಾಗಲೂ ಇದನ್ನೇ ಹಲಗೆಯ ಮೇಲೆ ಮೊದಲು ಬರೆಯುತ್ತೇನೆ.

ನಾನು ತರಗತಿಗೆಂದು ಕಟ್ಟಿಕೊಂಡ ಒಂದು ಪ್ರಶ್ನೆ ಹೀಗಿದೆ. ಮೂತ್ರಪಿಂಡದ ಶಕ್ತಿ ಕುಂದಿರುವ 74 ವರ್ಷದ ವೃದ್ಧೆಗೆ ಎರಡು ದಿನಗಳಿಂದ ಭೇದಿ. ಊಟ ಸೇರಿಲ್ಲ, ಮಾತ್ರೆ ಮಾತ್ರ ತಪ್ಪಿಲ್ಲ. ಮೈ ಬೆವರಿದೆ, ಮಾತು ತೊದಲುತ್ತಿದೆ, ಸಕ್ಕರೆ ಡೆಸಿಲೀಟರ್‌ಗೆ 38 ಮಿ.ಗ್ರಾಂ. ಡೆಕ್ಸ್‌ಟ್ರೋಸ್ ಕೊಟ್ಟೊಡನೆ ಚೇತರಿಸಿಕೊಂಡರೂ ಕೆಲವು ಗಂಟೆಗಳಲ್ಲಿ ಸಕ್ಕರೆ ಮತ್ತೆ ಕುಸಿಯುತ್ತದೆ. ಇದಕ್ಕೆ ಕಾರಣವಾದ ಮಾತ್ರೆ ಯಾವುದು? ಆಯ್ಕೆಗಳು: ಮೆಟ್‌ಫಾರ್ಮಿನ್, ಗ್ಲಿಬೆನ್‌ಕ್ಲಮೈಡ್, ಸಿಟಾಗ್ಲಿಪ್ಟಿನ್, ಡಾಪಾಗ್ಲಿಫ್ಲೋಜಿನ್.

ಮೂತ್ರಪಿಂಡ ಎಂಬ ಮಾತು ಕಂಡೊಡನೆ ಹಲವರ ಕೈ ಮೆಟ್‌ಫಾರ್ಮಿನ್ ಕಡೆಗೆ ಹೋಗುತ್ತದೆ. ಆದರೆ ಅದು ಮುಖ್ಯವಾಗಿ ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸುವುದನ್ನು ತಗ್ಗಿಸುತ್ತದೆಯೇ ಹೊರತು ಇನ್ಸುಲಿನ್ ಬಿಡಿಸುವುದಿಲ್ಲ. ಇಲ್ಲಿ ಅದರಿಂದ ಅಪಾಯವಾಗಿದ್ದರೆ ವಾಂತಿ, ಆಳವಾದ ವೇಗದ ಉಸಿರಾಟ ಮತ್ತು ಇಳಿದ ಬೈಕಾರ್ಬೊನೇಟ್‌ನೊಂದಿಗೆ ಲ್ಯಾಕ್ಟಿಕ್ ಆಸಿಡೋಸಿಸ್ ಕಾಣಿಸಿಕೊಳ್ಳಬೇಕಿತ್ತು. ಸಿಟಾಗ್ಲಿಪ್ಟಿನ್ ಕರುಳಿನ ಜಿಎಲ್‌ಪಿ-1 ಹಾರ್ಮೋನು ಬೇಗ ನಾಶವಾಗದಂತೆ ತಡೆಯುತ್ತದೆ. ಆ ಹಾರ್ಮೋನು ಸಕ್ಕರೆ ಏರಿದಾಗಲೇ ಇನ್ಸುಲಿನ್‌ಗೆ ಒತ್ತು ಕೊಡುವುದರಿಂದ, ಒಂಟಿಯಾಗಿ ಇಂಥ ಕುಸಿತ ತರುವುದು ಅಪರೂಪ. ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ಹಸಿದ ಹೊಟ್ಟೆ ಮತ್ತು ಭೇದಿಯ ನಡುವೆ ಅದರಿಂದ ಭಯಪಡಬೇಕಾದದ್ದು, ಸಕ್ಕರೆ ಅಷ್ಟೇನೂ ಏರದೆಯೇ ಬರುವ ಕೀಟೋಆಸಿಡೋಸಿಸ್.

ಉಳಿದದ್ದು ಸಲ್ಫೊನೈಲ್‌ಯೂರಿಯಾ ಗುಂಪಿನ ಗ್ಲಿಬೆನ್‌ಕ್ಲಮೈಡ್. ಬೀಟಾ ಜೀವಕೋಶದ ಪೊಟ್ಯಾಸಿಯಂ ದ್ವಾರವನ್ನು ಸಾಮಾನ್ಯವಾಗಿ ಮುಚ್ಚಿಸುವುದು ಗ್ಲೂಕೋಸ್‌ನಿಂದ ಹುಟ್ಟಿದ ಎಟಿಪಿ. ಸಲ್ಫೊನೈಲ್‌ಯೂರಿಯಾ ನೇರವಾಗಿ ಅದೇ ದ್ವಾರವನ್ನು ಮುಚ್ಚುವುದರಿಂದ ಕ್ಯಾಲ್ಸಿಯಂ ಒಳಬಂದು, ರಕ್ತದಲ್ಲಿ ಸಕ್ಕರೆ ಎಷ್ಟೇ ಇರಲಿ, ಇನ್ಸುಲಿನ್ ಹೊರಬೀಳುತ್ತದೆ. ಗ್ಲಿಬೆನ್‌ಕ್ಲಮೈಡ್‌ನ ಸಕ್ರಿಯ ಉಪಾಂಶಗಳು ಮೂತ್ರಪಿಂಡದ ಮೂಲಕವೂ ಹೊರಹೋಗಬೇಕಾಗಿರುವುದರಿಂದ ಈ ವೃದ್ಧೆಯಲ್ಲಿ ಪರಿಣಾಮ ದೀರ್ಘವಾಗುತ್ತದೆ. ಡೆಕ್ಸ್‌ಟ್ರೋಸ್ ಅತ್ಯಗತ್ಯವೇ ಆದರೂ ಅದು ಏರಿಸಿದ ಸಕ್ಕರೆ ಮತ್ತಷ್ಟು ಇನ್ಸುಲಿನ್ ಬಿಡಿಸುತ್ತದೆ. ಎರಡನೆಯ ಕುಸಿತದ ಗುಟ್ಟು ಇದೇ. ಹಾಗಾಗಿ ಮುಂದಿನ ಪ್ರಶ್ನೆಯಲ್ಲಿ ಚಿಕಿತ್ಸೆ ಕೇಳಿದರೆ, ಇನ್ಸುಲಿನ್ ಬಿಡುಗಡೆಯನ್ನೇ ತಡೆಯುವ ಆಕ್ಟ್ರಿಯೋಟೈಡ್ ಅನ್ನು ಡೆಕ್ಸ್‌ಟ್ರೋಸ್ ಜೊತೆಗೆ ಆರಿಸಬೇಕು; ಒಮ್ಮೆ ಚೇತರಿಸಿದ ಮಾತ್ರಕ್ಕೆ ಮನೆಗೆ ಕಳುಹಿಸುವ ಆಯ್ಕೆಯನ್ನು ಹೊಡೆದುಹಾಕಬೇಕು.

ಇದೇ ರೋಗಿ ಅಕಾರ್ಬೋಸ್ ಕೂಡ ಸೇವಿಸುತ್ತಿದ್ದು, ಎಚ್ಚರವಿದ್ದು ನುಂಗಬಲ್ಲವರಾಗಿದ್ದರೆ, ಬಾಯಿಗೆ ಕೊಡಬೇಕಾದದ್ದು ಗ್ಲೂಕೋಸ್ ಪುಡಿಯೇ. ಅಡುಗೆಮನೆಯ ಸಕ್ಕರೆಯನ್ನು ಒಡೆಯುವ ಕರುಳಿನ ಕಿಣ್ವವನ್ನು ಅಕಾರ್ಬೋಸ್ ತಡೆದಿರುವುದರಿಂದ ಅದು ಬೇಗನೆ ರಕ್ತ ಸೇರುವುದಿಲ್ಲ.